ಗಡಿಭಾಗದ ಕನ್ನಡ ‘ಕಲಬೆರಕೆ’ಯೇ? ಪಿಜಿನ್, ಕ್ರಿಯೋಲ್ ಮತ್ತು ಕುಪವಾಡದ ಸಾಕ್ಷ್ಯ

ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ, ಜತ್ತ ಭಾಗದ ಕನ್ನಡಿಗರಾದ ನಾವು ಒಂದು ಮಾತನ್ನು ಎರಡೂ ಕಡೆಯಿಂದ ಕೇಳುತ್ತ ಬಂದಿದ್ದೇವೆ. ‘ನಿಮ್ಮದು ಶುದ್ಧ ಕನ್ನಡವಲ್ಲ, ಮರಾಠಿಯೂ ಅಲ್ಲ, ಎರಡೂ ಕೂಡಿದ ಕಲಬೆರಕೆ’ ಎಂಬುದೇ ಆ ಮಾತು. ನಂದೇಶ್ವರದ ಮಗುವೊಂದು ‘ಇದು ನಮ್ಮ ಮನಿ ಐತಿ’ ಎಂದು ಬರೆದರೆ, ಕೊನೆಯ ‘ಐತಿ’ಯ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಇಂತಹ ಮಾತು ಯಾವ ಜಾತಿಯದು? ಎರಡು ಭಾಷೆಗಳು ಮುರಿದು ಹುಟ್ಟಿದ ಹೊಸ ಭಾಷೆಯೇ, ಅಥವಾ ನೆರೆಯ ಭಾಷೆಯೊಡನೆ ಬಾಳಿದ ಕನ್ನಡವೇ? ಈ ಪ್ರಶ್ನೆಗೆ ಭಾಷಾವಿಜ್ಞಾನದಲ್ಲಿ ಉತ್ತರವಿದೆ. ಆ ಉತ್ತರಕ್ಕೆ ಬೇಕಾದ ಮುಖ್ಯ ಸಾಕ್ಷ್ಯವೂ ದೂರದ್ದಲ್ಲ, ಸಾಂಗಲಿ ಜಿಲ್ಲೆಯ ಕುಪವಾಡದ್ದು.

ಪಿಜಿನ್ ಹೇಗೆ ಕ್ರಿಯೋಲ್ ಆಗುತ್ತದೆ

ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಹಲವು ಗುಂಪುಗಳು ವ್ಯಾಪಾರಕ್ಕಾಗಿಯೋ ಕೂಲಿಗಾಗಿಯೋ ಒಂದೆಡೆ ಸೇರಿದಾಗ, ತುರ್ತು ಕೆಲಸ ನಡೆಸಲು ಒಂದು ಅರೆಬರೆ ಮಾತು ಹುಟ್ಟುತ್ತದೆ. ಅದರ ಪದಗಳು ಹೆಚ್ಚಾಗಿ ಅಧಿಕಾರವುಳ್ಳವರ ಭಾಷೆಯಿಂದ ಬರುತ್ತವೆ. ಆದರೆ ಆ ಭಾಷೆಯ ವಿಭಕ್ತಿಗಳು, ಕ್ರಿಯಾಪದದ ರೂಪಗಳು, ಲಿಂಗ ವಚನಗಳ ಹೊಂದಾಣಿಕೆ ಬಹುಮಟ್ಟಿಗೆ ಉದುರಿಹೋಗುತ್ತವೆ. ಅದು ಯಾರ ಮನೆಮಾತೂ ಅಲ್ಲ. ಇದನ್ನು ಪಿಜಿನ್ ಎನ್ನುತ್ತಾರೆ.

ಮುಂದೆ ಇದೇ ಮಾತು ಒಂದು ಸಮುದಾಯದ ಮಕ್ಕಳಿಗೆ ಮನೆಮಾತಾದರೆ ಪರಿಸ್ಥಿತಿ ಬದಲಾಗುತ್ತದೆ. ಸಂತೆಯಲ್ಲಿ ಬೆಲೆ ಕೇಳಲು ಸಾಕಾಗುವ ಮಾತಿನಲ್ಲಿ ಕಥೆ ಹೇಳಲಾಗದು, ಜಗಳವಾಡಲಾಗದು, ನಿನ್ನೆ ನಡೆದದ್ದನ್ನೂ ನಾಳೆ ನಡೆಯಬಹುದಾದದ್ದನ್ನೂ ಬೇರ್ಪಡಿಸಿ ಹೇಳಲಾಗದು. ಆದ್ದರಿಂದ ಅದಕ್ಕೆ ಹೊಸದಾಗಿ ವ್ಯಾಕರಣ ಬೆಳೆಯುತ್ತದೆ. ಹೀಗೆ ತುಂಬಿಕೊಂಡ ಭಾಷೆಯೇ ಕ್ರಿಯೋಲ್. ಅದು ಅರೆ ಭಾಷೆಯಲ್ಲ, ಬೇರೆ ಯಾವ ಭಾಷೆಯಂತೆಯೂ ಪೂರ್ಣವಾದದ್ದು.

ನಮ್ಮ ದೇಶದಲ್ಲಿ ನಾಗಾಲ್ಯಾಂಡಿನ ನಾಗಾಮೀಸ್ ಇದಕ್ಕೆ ಹತ್ತಿರದ ಉದಾಹರಣೆ. ಪರಸ್ಪರ ತಿಳಿಯದ ಹಲವು ನಾಗಾ ಭಾಷೆಗಳ ಜನರು ಅಸ್ಸಾಮಿ ಪದಗಳನ್ನು ಆಧರಿಸಿ ಬೆಳೆಸಿಕೊಂಡ ಮಾತು ಅದು. ಹೆಚ್ಚಿನವರಿಗೆ ಅದು ಇಂದಿಗೂ ಎರಡನೆಯ ಭಾಷೆ. ದೀಮಾಪುರದ ಸುತ್ತಲಿನ ಕಚಾರಿ ಜನರಲ್ಲಿ ಅದು ಮನೆಮಾತಾಗಿದೆ.

ಹೊಸ ವ್ಯಾಕರಣ ಎಲ್ಲಿಂದ ಬಂತು?

ವಿದ್ವಾಂಸರ ವಾದ ಆರಂಭವಾಗುವುದು ಇಲ್ಲಿಂದ. ಪದಗಳು ಆಳುವವರ ಭಾಷೆಯವು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹೊಸದಾಗಿ ಬೆಳೆದ ವ್ಯಾಕರಣ ಆಳುವವರದ್ದಲ್ಲ. ಹಾಗಾದರೆ ಯಾರದ್ದು?

ಒಂದು ಪಕ್ಷದ ಪ್ರಕಾರ, ಅದು ಕೂಲಿಕಾರರ ಮೂಲ ಭಾಷೆಗಳಿಂದ ಬಂದದ್ದು. ಅವರು ಹೊಸ ಪದಗಳನ್ನು ಕಲಿತರು, ಆದರೆ ಅವನ್ನು ಜೋಡಿಸಿದ್ದು ತಮ್ಮ ಹಳೆಯ ಭಾಷೆಯ ಅಚ್ಚಿನಲ್ಲಿ. ಮೇಲಿನ ಮಣ್ಣಿನ ಕೆಳಗೆ ಹಳೆಯ ಪದರ ಉಳಿಯುವಂತೆ ಆ ಭಾಷೆ ಕೆಳಗೆ ಉಳಿದಿರುತ್ತದೆ ಎಂಬ ಅರ್ಥದಲ್ಲಿ ಇದನ್ನು ನಾವು ‘ತಳಪದರದ ಪ್ರಭಾವ’ ಎಂದು ಕರೆಯೋಣ. ಇನ್ನೊಂದು ಪಕ್ಷದ ಪ್ರಕಾರ, ಮನುಷ್ಯನ ಮಿದುಳಿಗೆ ಕೆಲವು ಬಗೆಯ ವ್ಯಾಕರಣಗಳತ್ತ ಹುಟ್ಟಿನಿಂದಲೇ ಒಲವಿದೆ. ಕಲಿಯಲು ಪೂರ್ಣ ಮಾದರಿ ಸಿಗದಾಗ ಮಕ್ಕಳು ಆ ಒಲವಿನಂತೆ ಭಾಷೆಯನ್ನು ಕಟ್ಟುತ್ತಾರೆ. ಇದನ್ನು ‘ಸಾರ್ವತ್ರಿಕ ಒಲವು’ ಎನ್ನೋಣ.

ಎರಡನೆಯ ವಾದವನ್ನು ಬಲವಾಗಿ ಮಂಡಿಸಿದವರು ಡೆರೆಕ್ ಬಿಕರ್ಟನ್. 1981ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಹವಾಯಿ ದ್ವೀಪಗಳನ್ನು ಮುಖ್ಯ ಸಾಕ್ಷ್ಯವಾಗಿಟ್ಟರು. 19ನೇ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿನ ಕಬ್ಬಿನ ತೋಟಗಳಿಗೆ ಚೀನಾ, ಪೋರ್ತುಗಲ್, ಜಪಾನ್ ಮೊದಲಾದೆಡೆಗಳಿಂದ ಕೂಲಿಕಾರರು ಬಂದರು. ಹಿರಿಯರ ಪಿಜಿನ್ ಅಸ್ತವ್ಯಸ್ತವಾಗಿತ್ತು, ಆದರೆ ಅಲ್ಲಿ ಹುಟ್ಟಿದ ಮಕ್ಕಳ ಮಾತು ಅಚ್ಚುಕಟ್ಟಾಗಿತ್ತು. ಕ್ರಿಯಾಪದದ ಮುಂದೆ ‘ಬಿನ್’ ಇಟ್ಟರೆ ಹಿಂದೆ ನಡೆದದ್ದು, ‘ಗೋ’ ಇಟ್ಟರೆ ಮುಂದೆ ನಡೆಯುವುದು, ‘ಸ್ಟೇ’ ಇಟ್ಟರೆ ನಡೆಯುತ್ತಿರುವುದು. ಕೆರಿಬಿಯನ್ ಪ್ರದೇಶದ ಹೈಟಿಯ ಕ್ರಿಯೋಲ್, ಸೂರಿನಾಮಿನ ಸ್ರಾನನ್ ಭಾಷೆಗಳಲ್ಲಿಯೂ ಪದಗಳು ಬೇರೆಯಾದರೂ ಕಾಲ, ಸಂಭಾವ್ಯತೆ, ನಿರಂತರತೆಗಳ ಗುರುತುಗಳು ಇದೇ ಕ್ರಮದಲ್ಲಿ ಕ್ರಿಯಾಪದದ ಮುಂದೆಯೇ ನಿಲ್ಲುತ್ತವೆ. ಪರಸ್ಪರ ಸಂಪರ್ಕವಿಲ್ಲದ ಪ್ರದೇಶಗಳಲ್ಲಿ ಒಂದೇ ಕ್ರಮ ಕಂಡರೆ ಅದು ಮಕ್ಕಳ ಮಿದುಳಿನಿಂದಲೇ ಬಂದಿರಬೇಕು ಎಂಬುದು ಅವರ ತರ್ಕ.

ಈ ತರ್ಕಕ್ಕೆ ಪೆಟ್ಟು ಕೊಟ್ಟದ್ದು ಹಳೆಯ ದಾಖಲೆಗಳ ಶೋಧನೆ. ಸಾರಾ ರಾಬರ್ಟ್ಸ್ ಹವಾಯಿಯ ಹಳೆಯ ಬರಹಗಳಲ್ಲಿ ದಾಖಲಾದ ಪಿಜಿನ್ ಮಾತುಗಳನ್ನು ಹುಡುಕಿ ತೆಗೆದರು. ಅಲ್ಲಿ ಹುಟ್ಟಿದ ಮೊದಲ ತಲೆಮಾರಿನ ಮಕ್ಕಳು ಮನೆಯಲ್ಲಿ ತಂದೆತಾಯಿಯ ಭಾಷೆಯನ್ನೇ ಆಡುತ್ತ ಪಿಜಿನ್ ಅನ್ನೂ ಬಲ್ಲವರಾಗಿದ್ದರು, ಕ್ರಿಯೋಲ್ ಗಟ್ಟಿಯಾದದ್ದು ಎರಡನೆಯ ತಲೆಮಾರಿನಲ್ಲಿ ಎಂದು ಅವರು ತೋರಿಸಿದರು. ಅಂದರೆ ಕಟ್ಟಿದವರು ಬರಿಗೈಯ ಮಕ್ಕಳಲ್ಲ, ದ್ವಿಭಾಷಿಕರು. ‘ಸ್ಟೇ’ಯ ಬಳಕೆಗೆ ಪೋರ್ತುಗೀಜ್ ಭಾಷೆಯ ‘ಎಸ್ತಾರ್’ ಕ್ರಿಯಾಪದವೇ ಮಾದರಿ ಎಂಬ ವಾದಕ್ಕೆ ಇದರಿಂದ ಬಲ ಬಂತು.

ಕೊರ್ಲಾಯಿ: ನಮ್ಮ ರಾಜ್ಯದ ಕ್ರಿಯೋಲ್

ಇಂತಹ ಭಾಷೆ ನೋಡಲು ಹವಾಯಿಗೆ ಹೋಗಬೇಕಿಲ್ಲ. ರಾಯಗಡ ಜಿಲ್ಲೆಯ ಸಮುದ್ರತೀರದಲ್ಲಿ, ಚೌಲ್ ಮತ್ತು ರೇವದಂಡದ ಹತ್ತಿರ, ಕೊರ್ಲಾಯಿ ಎಂಬ ಹಳ್ಳಿಯಿದೆ. 16ನೇ ಶತಮಾನದಲ್ಲಿ ಪೋರ್ತುಗೀಜರು ಈ ಭಾಗದಲ್ಲಿ ಕೋಟೆ ಕಟ್ಟಿದರು. 1740ರಲ್ಲಿ ಚೌಲ್ ಮರಾಠರ ವಶವಾಯಿತು, ಪೋರ್ತುಗೀಜರು ಹೊರಟುಹೋದರು. ಆದರೆ ಅಲ್ಲಿನ ಕ್ರೈಸ್ತ ಸಮುದಾಯದಲ್ಲಿ ಪೋರ್ತುಗೀಜ್ ಪದಗಳ ಕ್ರಿಯೋಲ್ ಉಳಿಯಿತು. ಜೆ. ಕ್ಲಾನ್ಸಿ ಕ್ಲೆಮೆಂಟ್ಸ್ 1996ರ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾರೆ.

‘ಹಾಡುತ್ತಿದ್ದಾನೆ’ ಎಂಬ ಒಂದು ಮಾತನ್ನು ಗಮನಿಸೋಣ. ಪೋರ್ತುಗೀಜ್ ಭಾಷೆಯಲ್ಲಿ ‘ಎಸ್ತಾ ಕಂತಾಂದು’, ಅಂದರೆ ಸಹಾಯಕ ಪದ ಮುಂದೆ, ಹಾಡುವ ಪದ ಹಿಂದೆ. ಅದೇ ಪೋರ್ತುಗೀಜ್ ಮೂಲದ ಕೇಪ್ ವರ್ಡೆ ದ್ವೀಪಗಳ ಕ್ರಿಯೋಲ್‌ನಲ್ಲಿ ‘ತ’ ಎಂಬ ಗುರುತು ‘ಕಂತ’ ಎಂಬ ಕ್ರಿಯಾಪದದ ಮುಂದೆ ನಿಲ್ಲುತ್ತದೆ. ಕೊರ್ಲಾಯಿಯಲ್ಲಿ ಮಾತ್ರ ‘ಕಾತಾನ್ ತೆ’. ಇಲ್ಲಿ ಸಹಾಯಕ ಪದ ಹಿಂದಕ್ಕೆ ಸರಿದಿದೆ, ಮರಾಠಿಯ ‘ಗಾತ ಆಹೇ’ ಎಂಬಂತೆ, ನಮ್ಮ ‘ಹಾಡತಾ ಇದಾನ’ ಎಂಬಂತೆ. ಇದು ಸಾರ್ವತ್ರಿಕ ಒಲವಿನಿಂದ ಆಗಿದ್ದರೆ ಕೇಪ್ ವರ್ಡೆಯಲ್ಲಿಯೂ ಹೀಗೆಯೇ ಆಗಬೇಕಿತ್ತು. ಆಗಿಲ್ಲ. ಸುತ್ತಲಿನ ಮರಾಠಿಯೇ ಇದಕ್ಕೆ ಕಾರಣವೆಂದು ಹೇಳಬಹುದು.

ಆದರೆ ಇಲ್ಲೊಂದು ಎಚ್ಚರ ಬೇಕು. ಕೊರ್ಲಾಯಿಯ ಜನ ಕ್ರಿಯೋಲ್ ಹುಟ್ಟಿದ ಮೇಲೆಯೂ ಶತಮಾನಗಳ ಕಾಲ ಮರಾಠಿಯ ನಡುವೆಯೇ ಬಾಳಿದ್ದಾರೆ. ಆದ್ದರಿಂದ ಮರಾಠಿಯ ಗುರುತು ಹುಟ್ಟುವಾಗಲೇ ಬಿದ್ದ ತಳಪದರವೋ, ಆಮೇಲೆ ಪಕ್ಕದಿಂದ ಸೇರಿದ್ದೋ ಎಂದು ಪ್ರತಿ ಲಕ್ಷಣಕ್ಕೂ ಬೇರೆಯಾಗಿ ಕೇಳಬೇಕಾಗುತ್ತದೆ. ‘ಮರಾಠಿಯಂತೆ ಇದೆ’ ಎಂಬುದು ಪ್ರಭಾವಕ್ಕೆ ಸಾಕ್ಷಿಯಾದೀತು, ಪ್ರಭಾವದ ಕಾಲಕ್ಕೆ ಸಾಕ್ಷಿಯಾಗದು.

ಕುಪವಾಡ: ಪಿಜಿನ್ ಇಲ್ಲದೆ ಕ್ರಿಯೋಲ್?

ಈಗ ನಮ್ಮ ಗಡಿಗೆ ಬರೋಣ. 1968ರಲ್ಲಿ ಜಮೈಕಾದಲ್ಲಿ ಪಿಜಿನ್ ಕ್ರಿಯೋಲ್‌ಗಳ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರಿಂದ ಬೆಳೆದ, ಡೆಲ್ ಹೈಮ್ಸ್ ಸಂಪಾದಿಸಿದ 1971ರ ಸಂಪುಟದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಕುಪವಾಡದ ಅಧ್ಯಯನವನ್ನು ಪ್ರಕಟಿಸಿದರು. ಇಂದು ಸಾಂಗಲಿ ಮಿರಜಗಳೊಡನೆ ಒಂದೇ ಮಹಾನಗರಪಾಲಿಕೆಗೆ ಸೇರಿರುವ ಕುಪವಾಡ ಆಗ ಸುಮಾರು 3000 ಜನರ ಹಳ್ಳಿ. ಅವರ ವಿವರಣೆಯಂತೆ ಜೈನರು ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತ ಕೂಲಿಕಾರರದು ಮರಾಠಿ, ಹಗ್ಗ ಹೊಸೆಯುವವರದು ತೆಲುಗು. ಗಂಡಸರಲ್ಲಿ ಬಹುತೇಕರು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಹೊರಗಿನ ವ್ಯವಹಾರಕ್ಕೆ ಮರಾಠಿ, ಆದರೆ ಮನೆಯೊಳಗೆ ಯಾರೂ ತಮ್ಮ ಭಾಷೆಯನ್ನು ಬಿಟ್ಟುಕೊಟ್ಟಿರಲಿಲ್ಲ, ಏಕೆಂದರೆ ಮನೆಮಾತೇ ಆ ಗುಂಪಿನ ಗುರುತಾಗಿತ್ತು.

ಶತಮಾನಗಳ ಈ ಬಾಳುವೆಯ ಫಲವಾಗಿ ಪದಗಳು ಬೇರೆಯಾಗಿಯೇ ಉಳಿದು ವಾಕ್ಯದ ಅಚ್ಚು ಒಂದೇ ಆಗುತ್ತ ಬಂದಿದೆ ಎಂಬುದು ಅವರು ಕಂಡುಕೊಂಡ ಸಂಗತಿ. ಸೊಪ್ಪು ಕೊಯ್ದು ತಂದೆ ಎಂಬುದಕ್ಕೆ ಅವರು ಕೊಟ್ಟ ಉದಾಹರಣೆ ಪ್ರಸಿದ್ಧವಾಗಿದೆ. ಕನ್ನಡದ ಸಾಲನ್ನು ಮಾತ್ರ ನಾವು ನಮ್ಮ ಆಡುನುಡಿಗೆ ಹೊಂದಿಸಿ ಬರೆದಿದ್ದೇವೆ.

ಉರ್ದು: ಪಾಲಾ ಜರಾ ಕಾಟ್‌ಕೆ ಲೇಕೆ ಆಯಾ
ಮರಾಠಿ: ಪಾಲಾ ಜರಾ ಕಾಪೂನ್ ಘೇವೂನ್ ಆಲೋ
ಕನ್ನಡ: ತಪ್ಪಲಾ ಜರಾ ಕಡದು ತಗೊಂಡು ಬಂದೆ

ಮೂರರಲ್ಲಿಯೂ ಪದಕ್ಕೆ ಪದ, ಪ್ರತ್ಯಯಕ್ಕೆ ಪ್ರತ್ಯಯ ಸರಿಹೊಂದುತ್ತದೆ. ಒಂದೇ ವ್ಯಾಕರಣ, ಮೂರು ಪದಕೋಶ. ಇದನ್ನು ನೋಡಿ ಅವರು, ಇಲ್ಲಿ ಪಿಜಿನ್ ಹಂತವೇ ಇಲ್ಲದಿದ್ದರೂ ಫಲ ಮಾತ್ರ ಕ್ರಿಯೋಲ್‌ನಂತೆ ಇದೆ ಎಂದು ವಾದಿಸಿದರು.

ಈ ವಾಕ್ಯವನ್ನು ಸ್ವಲ್ಪ ಸಂಶಯದಿಂದಲೇ ನೋಡಬೇಕು. ‘ಕಡದು, ತಗೊಂಡು’ ಎಂಬಂತೆ ಕ್ರಿಯೆಗಳನ್ನು ಪೋಣಿಸುವ ಪದ್ಧತಿ ಭಾರತದ ಬಹುತೇಕ ಭಾಷೆಗಳಲ್ಲಿದೆ. ಎಂ. ಬಿ. ಎಮೆನೊ 1956ರಲ್ಲಿಯೇ ಭಾರತವನ್ನು ಒಂದು ಭಾಷಾವಲಯವೆಂದು ಕರೆದಾಗ ಇದನ್ನೂ ಹೇಳಿದ್ದರು. ಎಲ್ಲೆಡೆ ಇರುವ ಲಕ್ಷಣ ಕುಪವಾಡದ ಬಗ್ಗೆ ಹೆಚ್ಚೇನೂ ಹೇಳಲಾರದು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಅವರೂ ಕುಪವಾಡವನ್ನು ಮರುಪರಿಶೀಲಿಸಿ, ಪದಕ್ಕೆ ಪದ ಹೊಂದುವ ಈ ಮಾದರಿಯನ್ನು ವಿಮರ್ಶೆಗೆ ಒಳಪಡಿಸಿದ್ದಾರೆ. ಆದ್ದರಿಂದ ಸುತ್ತಲಿನ ಬೇರೆಡೆ ಇಲ್ಲದ, ಗಡಿಯಲ್ಲಿ ಮಾತ್ರ ಕಾಣುವ ಲಕ್ಷಣಗಳನ್ನು ಹಿಡಿದು ಪರೀಕ್ಷಿಸಬೇಕು. ಅಂತಹ ಎರಡು ಇಲ್ಲಿವೆ.

ಮೊದಲನೆಯದು: ಹೊಳೆಯ ಲಿಂಗ

ಶಿಷ್ಟ ಮರಾಠಿಯಲ್ಲಿ ವಸ್ತುಗಳಿಗೂ ಲಿಂಗವಿದೆ. ದಗಡ (ಕಲ್ಲು) ಪುಲ್ಲಿಂಗ, ಭಿಂತ (ಗೋಡೆ) ಸ್ತ್ರೀಲಿಂಗ, ಘರ (ಮನೆ) ನಪುಂಸಕ. ನದಿಯೂ ಸ್ತ್ರೀಲಿಂಗ, ಆದ್ದರಿಂದ ಹೊಳೆ ಬಂದರೆ ‘ಇಥೇ ನದೀ ಆಲೀ’. ಕುಪವಾಡದ ಮರಾಠಿಯಲ್ಲಿ ‘ಹಿತ ನದೀ ಆಲ’, ಅಂದರೆ ನಪುಂಸಕ. ಕನ್ನಡದ ‘ಇಲ್ಲಿ ಹೊಳಿ ಬಂತು’ ಎಂಬಂತೆಯೇ. ಅಲ್ಲಿನ ಉರ್ದುವಿನಲ್ಲಿಯೂ ಸ್ತ್ರೀಲಿಂಗದ ‘ಆಯೀ’ ಹೋಗಿ ‘ಆಯಾ’ ಬಂದಿದೆ.

ಸಾರ್ವತ್ರಿಕ ಒಲವಿನ ಪಕ್ಷ ಇಲ್ಲಿ ಕೂಡಲೇ ಹೇಳಬಹುದು: ಅರ್ಥವಿಲ್ಲದ ಲಿಂಗಭೇದ ಕಲಿಯಲು ಕಷ್ಟ, ಕ್ರಿಯೋಲ್‌ಗಳಲ್ಲಿ ಅದು ಸಾಮಾನ್ಯವಾಗಿ ಉಳಿಯುವುದಿಲ್ಲ, ಆದ್ದರಿಂದ ಇದು ಬರೀ ಸರಳೀಕರಣ. ಮಾತು ತಪ್ಪಲ್ಲ. ಆದರೆ ಬರೀ ಸರಳೀಕರಣವಾಗಿದ್ದರೆ ಲಿಂಗವೇ ಅಳಿದುಹೋಗಬೇಕಿತ್ತು. ಅದು ಅಳಿದಿಲ್ಲ, ಹೊಸದಾಗಿ ಹಂಚಿಕೆಯಾಗಿದೆ. ಗಂಡಸಿಗೆ ಒಂದು, ಹೆಂಗಸಿಗೆ ಒಂದು, ಉಳಿದ ಎಲ್ಲಕ್ಕೂ ಇನ್ನೊಂದು. ಈ ಹಂಚಿಕೆ ಕನ್ನಡದ್ದೇ. ಸರಳವಾಗುವ ಒತ್ತಡ ಎಲ್ಲ ಕಡೆಯದ್ದಿರಬಹುದು, ಸರಳವಾದ ಆಕಾರ ಮಾತ್ರ ಕನ್ನಡದಿಂದ ಬಂದದ್ದು. ಎರಡೂ ಪಕ್ಷಗಳಿಗೆ ಇಲ್ಲಿ ಪಾಲಿದೆ.

ಎರಡನೆಯದು: ‘ಐತಿ’

ಇನ್ನು ಕೆಂಪು ಗೆರೆ ಬಿದ್ದ ಆ ‘ಐತಿ’. ಬರಹದ ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದರೆ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಮರಾಠಿಯಲ್ಲಿ ಸಾಮಾನ್ಯವಾಗಿ ‘ಆಹೇ’, ಉರ್ದುವಿನಲ್ಲಿ ‘ಹೈ’ ಬರುತ್ತದೆ. ಕುಪವಾಡದ ಕನ್ನಡದಲ್ಲಿ ಆ ಸ್ಥಾನಕ್ಕೆ ‘ಐತಿ’ ಬಂದಿದೆ.

ಇಲ್ಲಿ ಸಾರ್ವತ್ರಿಕ ಒಲವಿನ ವಾದ ನಿಲ್ಲುವುದಿಲ್ಲ. ಪಿಜಿನ್‌ಗಳಲ್ಲಿ ಸಾಮಾನ್ಯವಾಗಿ ಮೊದಲು ಬಿಟ್ಟುಹೋಗುವ ಪದವೇ ಇದು. ಭಾಷೆ ಮುರಿದು ಸರಳವಾಗಿದ್ದರೆ ಮರಾಠಿಯ ‘ಆಹೇ’ ಬಿದ್ದುಹೋಗಬೇಕಿತ್ತು. ಆದದ್ದು ತದ್ವಿರುದ್ಧ: ಅಗತ್ಯವಿಲ್ಲದ ಕನ್ನಡವೇ ಒಂದು ಪದವನ್ನು ಹೆಚ್ಚಾಗಿ ಸೇರಿಸಿಕೊಂಡಿತು. ನೆರೆಯ ಭಾಷೆಯ ಮಾದರಿಯಲ್ಲದೆ ಇದಕ್ಕೆ ಬೇರೆ ಕಾರಣ ಹುಡುಕುವುದು ಕಷ್ಟ. ಆದರೂ ಆ ಪದ ಮರಾಠಿಯದ್ದಲ್ಲ. ‘ಐತಿ’ ನಮ್ಮದೇ ‘ಇರು’ ಧಾತುವಿನ ರೂಪ. ಅಚ್ಚು ಹೊರಗಿನದು, ಮಣ್ಣು ಒಳಗಿನದು.

ಎರಡನ್ನೂ ಜೊತೆಗಿಟ್ಟು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಲಿಂಗದಲ್ಲಿ ಕನ್ನಡ ಕೊಟ್ಟಿತು, ‘ಐತಿ’ಯಲ್ಲಿ ಕನ್ನಡ ಪಡೆಯಿತು. ತಳಪದರವೆಂದರೆ ಜನ ಬಿಟ್ಟುಬಂದ ಭಾಷೆಯ ಪಳೆಯುಳಿಕೆ. ಕುಪವಾಡದಲ್ಲಿ ಯಾರೂ ಯಾವುದನ್ನೂ ಬಿಟ್ಟಿರಲಿಲ್ಲ. ಆದ್ದರಿಂದಲೇ ಸಾರಾ ಥಾಮಸನ್ ಮತ್ತು ಟೆರೆನ್ಸ್ ಕೌಫ್‌ಮನ್ 1988ರಲ್ಲಿ ಭಾಷಾಸಂಪರ್ಕವನ್ನು ವಿಂಗಡಿಸುವಾಗ, ಮನೆಮಾತನ್ನು ಉಳಿಸಿಕೊಂಡು ಹೊರಗಿನ ಲಕ್ಷಣ ಪಡೆಯುವುದನ್ನೂ ಕ್ರಿಯೋಲ್ ಹುಟ್ಟುವುದನ್ನೂ ಬೇರೆಬೇರೆಯಾಗಿಟ್ಟರು. ಈ ವಿಂಗಡಣೆಯೇ ಕುಪವಾಡಕ್ಕೆ ಹೆಚ್ಚು ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮರಾಠಿಯೇ ಕ್ರಿಯೋಲ್ ಎಂಬ ವಾದ

ಅದೇ 1971ರ ಸಂಪುಟದಲ್ಲಿ ಫ್ರಾಂಕ್ಲಿನ್ ಸೌತ್‌ವರ್ತ್ ಇನ್ನೂ ದೊಡ್ಡ ಪ್ರಶ್ನೆ ಎತ್ತಿದರು. ದ್ರಾವಿಡ ಭಾಷಿಕರ ನಡುವೆ ಪ್ರಾಕೃತವು ಪಿಜಿನ್ ಆಗಿ, ಮುಂದೆ ಕ್ರಿಯೋಲ್ ಆಗಿ ಮರಾಠಿ ರೂಪುಗೊಂಡಿರಬಹುದೇ ಎಂದು. ನಮ್ಮಲ್ಲಿ ಕೆಲವರು ಇದನ್ನು ಕೇಳಿ ಹಿಗ್ಗುತ್ತಾರೆ, ಮರಾಠಿ ಕನ್ನಡದ ಕೂಸೆಂದು ಸಿದ್ಧವಾಯಿತು ಎನ್ನುತ್ತಾರೆ. ಅಷ್ಟು ಸುಲಭವಲ್ಲ.

ಮರಾಠಿಯಲ್ಲಿ ದ್ರಾವಿಡ ಛಾಯೆ ಇರುವುದು ನಿಜ. ‘ಬರತೀನಿ ಅಂತ ಹೇಳಿದ’ ಎಂಬಲ್ಲಿ ನಮ್ಮ ‘ಅಂತ’ ಮಾಡುವ ಕೆಲಸವನ್ನು ಮರಾಠಿಯ ‘ಮ್ಹಣೂನ್’ ಮಾಡುತ್ತದೆ. ಎರಡೂ ‘ಹೇಳು’ ಎಂಬರ್ಥದ ಕ್ರಿಯಾಪದದಿಂದ ಬಂದವು. ಆದರೆ ಸೂರಿನಾಮಿನ ಸ್ರಾನನ್‌ನಲ್ಲಿಯೂ ‘ಮಾತಾಡು’ ಎಂಬರ್ಥದ ಪದದಿಂದ ಬಂದ ‘ತಾಕಿ’ ಇದೇ ಕೆಲಸ ಮಾಡುತ್ತದೆ. ಅಲ್ಲಿಗೆ ಕನ್ನಡ ಹೋಗಿರಲಿಲ್ಲ. ಲೋಕದ ಹಲವೆಡೆ ತಾನಾಗಿ ಹುಟ್ಟುವ ಲಕ್ಷಣವನ್ನು ಒಂಟಿಯಾಗಿ ತೋರಿಸಿ ತಳಪದರವನ್ನು ಸಾಧಿಸಲಾಗದು.

ಇದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಪಿಜಿನ್ ಹಂತ ದಾಟಿದ ಭಾಷೆಯಲ್ಲಿ ಹಳೆಯ ಪ್ರತ್ಯಯಗಳು ಉದುರಿರಬೇಕು. ಮರಾಠಿಯಾದರೋ ಸಂಸ್ಕೃತದ ಮೂರು ಲಿಂಗಗಳನ್ನೂ ಉಳಿಸಿಕೊಂಡಿದೆ, ಹಿಂದಿ ಕೂಡ ಅವುಗಳಲ್ಲಿ ಒಂದನ್ನು ಕಳೆದುಕೊಂಡಿದೆ. ಭೂತಕಾಲದಲ್ಲಿ ಕ್ರಿಯಾಪದ ಕರ್ತೃವನ್ನು ಬಿಟ್ಟು ಕರ್ಮಕ್ಕೆ ಹೊಂದುವ ಜಟಿಲ ನಿಯಮವೂ ಮರಾಠಿಯಲ್ಲಿ ಇದೆ. ಒಮ್ಮೆ ಮುರಿದ ಭಾಷೆಯಲ್ಲಿ ಇವು ಇಷ್ಟು ಅಖಂಡವಾಗಿ ಮರಳಿ ಬರುವುದು ಕಷ್ಟ. ದೀರ್ಘ ಸಹವಾಸ ಹೌದು, ಮುರಿದು ಹುಟ್ಟಿದ್ದು ಎನ್ನಲು ಸಾಕ್ಷ್ಯ ಸಾಲದು.

ನಮ್ಮ ಮಾತಿಗೂ ಅದೇ ಅಳತೆ

ಮರಾಠಿಗೆ ಹಿಡಿದ ಅಳತೆಗೋಲನ್ನೇ ನಮ್ಮ ಮಕ್ಕಳ ಮಾತಿಗೂ ಹಿಡಿಯೋಣ. ನಂದೇಶ್ವರದ ಮಗು ‘ಅಂವ ಬಂದಾನ, ಅಕಿ ಬಂದಾಳ, ಬಸ್ ಬಂದೈತಿ’ ಎಂದು ತಪ್ಪದೆ ಬೇರ್ಪಡಿಸುತ್ತದೆ. ‘ಮನ್ಯಾಗ, ಮನಿಗೆ, ಮನಿಯಿಂದ’ ಎಂದು ವಿಭಕ್ತಿ ಹಚ್ಚುತ್ತದೆ. ‘ಬರಂಗಿಲ್ಲ’, ‘ಬಂದಿಲ್ಲ’ಗಳ ಅಂತರ ಅದಕ್ಕೆ ಗೊತ್ತು. ಪಿಜಿನ್ ಹಂತ ದಾಟಿದ್ದರೆ ಇವೆಲ್ಲ ಕೊಚ್ಚಿಹೋಗಿರಬೇಕಿತ್ತು. ಆದ್ದರಿಂದ ಇದು ಪಿಜಿನ್ ಅಲ್ಲ, ಕ್ರಿಯೋಲ್ ಕೂಡ ಅಲ್ಲ. ನೆರೆಯಿಂದ ಕೆಲವು ಅಚ್ಚುಗಳನ್ನು ಪಡೆದ, ನೆರೆಗೆ ಕೆಲವನ್ನು ಕೊಟ್ಟ ಕನ್ನಡ.

ತರಗತಿಯಲ್ಲಿ ಇದರಿಂದ ಒಂದು ವ್ಯತ್ಯಾಸ ಬೀಳುತ್ತದೆ. ‘ಐತಿ’ಯ ಕೆಳಗಿನ ಗೆರೆ ಮಗುವಿಗೆ ‘ನಿನಗೆ ಕನ್ನಡ ಬಾರದು’ ಎಂದು ಹೇಳುತ್ತದೆ, ಅದು ಸುಳ್ಳು. ‘ಮನೆಯಲ್ಲಿ ಹೀಗೆ ಆಡುತ್ತೇವೆ, ಪುಸ್ತಕದಲ್ಲಿ ಇದನ್ನು ಬಿಟ್ಟು ಬರೆಯುತ್ತಾರೆ’ ಎಂದು ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರೆ ಮಗು ಬರಹದ ರೂಪವನ್ನೂ ಕಲಿಯುತ್ತದೆ, ಮನೆಮಾತನ್ನು ಬಿಡುವುದೂ ಇಲ್ಲ. ಕುಪವಾಡದ ಹಿರಿಯರು ಹೊರಗೆ ಮರಾಠಿಯಾಡುತ್ತ ತಲೆಮಾರುಗಳ ಕಾಲ ಕನ್ನಡವನ್ನು ಉಳಿಸಿಕೊಂಡದ್ದು ಅದರ ರೂಪ ಬದಲಾಗದಂತೆ ಕಾದಿಟ್ಟಲ್ಲ, ಮನೆಯಲ್ಲಿ ಅದನ್ನು ಆಡುವುದನ್ನು ನಿಲ್ಲಿಸದೆ.